ಕಾರ್ಖಾನೆ ಉದ್ಘಾಟನೆ: ಪತ್ರಿಕಾ ಪ್ರಕಟಣೆ ಹೇಳುವುದೆಷ್ಟು, ಹೇಳದೆ ಉಳಿಸುವುದೆಷ್ಟು?

ಬೆಂಗಳೂರು: ಹೊಸ ಕಾರ್ಖಾನೆಯೊಂದು ಆರಂಭವಾಗುತ್ತಿದೆ ಎಂಬ ಸುದ್ದಿ ಓದುಗರ ಕೈಸೇರುವ ಮುನ್ನ, ಬಹುಪಾಲು ಸಂದರ್ಭಗಳಲ್ಲಿ ಒಂದೆರಡು ಪುಟಗಳ ಪತ್ರಿಕಾ ಪ್ರಕಟಣೆಯ ರೂಪದಲ್ಲಿ ಸುದ್ದಿಮನೆಗೆ ಬಂದಿರುತ್ತದೆ. ಎಷ್ಟು ಎಕರೆ, ಎಷ್ಟು ಕೋಟಿ, ವರ್ಷಕ್ಕೆ ಎಷ್ಟು ಉತ್ಪಾದನೆ, ಎಷ್ಟು ಮಂದಿಗೆ ಉದ್ಯೋಗ ಎಂಬ ನಾಲ್ಕು ಅಂಕಿಗಳು ಅದರಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತವೆ. ಮರುದಿನದ ಶೀರ್ಷಿಕೆಗಳು ಹುಟ್ಟುವುದು ಈ ಅಂಕಿಗಳಿಂದಲೇ. ಕಾರ್ಖಾನೆಯ ಸುತ್ತಮುತ್ತ ನಿವೇಶನ ಕೊಳ್ಳಲು ಹೊರಟವರು, ಬಿಡಿಭಾಗ ಪೂರೈಸುವ ಆಸೆಯಿಂದ ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವ ಸಣ್ಣ ಉದ್ಯಮಿಗಳು, ಮಗನಿಗೋ ಮಗಳಿಗೋ ಕೆಲಸ ಸಿಕ್ಕೀತೆಂದು ಕಾಯುವ ಊರಿನವರು, ಕಂಪನಿಯ ಷೇರು ಹಿಡಿದವರು ಎಲ್ಲರೂ ತಮ್ಮ ಲೆಕ್ಕಾಚಾರವನ್ನು ಈ ಅಂಕಿಗಳ ಮೇಲೆಯೇ ಕಟ್ಟುತ್ತಾರೆ.

ಹಾಗೆಂದು ಪ್ರಕಟಣೆಗಳು ಸುಳ್ಳು ಹೇಳುತ್ತವೆ ಎಂದು ಭಾವಿಸಬೇಕಿಲ್ಲ. ಎಚ್ಚರಿಕೆಯಿಂದ ಸಿದ್ಧಪಡಿಸಿದ ಪ್ರಕಟಣೆಯಲ್ಲಿ ನೇರ ಸುಳ್ಳು ಸಿಗುವುದು ಅಪರೂಪ. ಅದನ್ನು ಕಂಪನಿಯ ಸಂವಹನ ವಿಭಾಗ ಬರೆಯುತ್ತದೆ, ಕಾನೂನು ವಿಭಾಗ ಓದುತ್ತದೆ, ಹಿರಿಯ ಅಧಿಕಾರಿಗಳು ಒಪ್ಪಿಗೆ ನೀಡುತ್ತಾರೆ. ಆದ್ದರಿಂದ ಅದರ ಪ್ರತಿಯೊಂದು ಕ್ರಿಯಾಪದವೂ ಅಳೆದು ಇಟ್ಟದ್ದಾಗಿರುತ್ತದೆ. ಈಗಾಗಲೇ ಆಗಿರುವುದು, ಆಗುತ್ತಿರುವುದು, ಆಗಬೇಕೆಂದು ಯೋಜಿಸಿರುವುದು ಹಾಗೂ ಆಗಲು ಸಾಧ್ಯವಿರುವುದು ಎಂಬ ನಾಲ್ಕು ಬೇರೆ ಬೇರೆ ಸಂಗತಿಗಳು ಒಂದೇ ಪುಟದಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ. ಅವುಗಳನ್ನು ಬೇರ್ಪಡಿಸಿ ಓದಿದರೆ ಪ್ರಕಟಣೆ ಬಹಳಷ್ಟು ಹೇಳುತ್ತದೆ. ಬೇರ್ಪಡಿಸದೆ ಓದಿದರೆ ನಾಲ್ಕೂ ಸೇರಿ 'ಆಗಿದೆ' ಎಂಬ ಒಂದೇ ಭಾವನೆ ಮೂಡುತ್ತದೆ.

ಇದನ್ನು ಅರಿಯಲು ರಾಜ್ಯದ ಓದುಗರಿಗೆ ಪರಿಚಿತವಾದ ಒಂದು ಉದಾಹರಣೆ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿದೆ. ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್) ಅಲ್ಲಿ ನಿರ್ಮಿಸಿದ ಹೆಲಿಕಾಪ್ಟರ್ ಕಾರ್ಖಾನೆಯನ್ನು 2023ರ ಫೆಬ್ರುವರಿ 6ರಂದು ಪ್ರಧಾನಿ ನರೇಂದ್ರ ಮೋದಿ ಲೋಕಾರ್ಪಣೆ ಮಾಡಿದರು. ಸಮಾರಂಭಕ್ಕೆ ಮುನ್ನವೇ ಕೇಂದ್ರ ರಕ್ಷಣಾ ಸಚಿವಾಲಯವು ಪತ್ರಿಕಾ ಮಾಹಿತಿ ಕಚೇರಿಯ ಮೂಲಕ ಪ್ರಕಟಣೆ ಹೊರಡಿಸಿತ್ತು. ಈ ಬಗೆಯ ಬರವಣಿಗೆಗೆ ಅದೊಂದು ಉತ್ತಮ ಮಾದರಿ.

ಒಂದು ಪ್ರಕಟಣೆ, ನಾಲ್ಕು ಕಾಲಗಳು

ಪ್ರಕಟಣೆಯ ಸಾರಾಂಶ ಹೀಗಿತ್ತು. 615 ಎಕರೆ ವಿಸ್ತೀರ್ಣದ ಈ ಕಾರ್ಖಾನೆ ದೇಶದ ಅತಿ ದೊಡ್ಡ ಹೆಲಿಕಾಪ್ಟರ್ ತಯಾರಿಕಾ ಘಟಕ. ಮೊದಲಿಗೆ ಇಲ್ಲಿ ಲಘು ಬಳಕೆಯ ಹೆಲಿಕಾಪ್ಟರ್ (ಎಲ್‌ಯುಎಚ್) ತಯಾರಾಗುತ್ತದೆ. ಇದು ದೇಶದಲ್ಲೇ ವಿನ್ಯಾಸಗೊಂಡ, ಮೂರು ಟನ್ ವರ್ಗದ, ಒಂದೇ ಎಂಜಿನ್ನಿನ ಹೆಲಿಕಾಪ್ಟರ್. ಆರಂಭದಲ್ಲಿ ವರ್ಷಕ್ಕೆ ಸುಮಾರು 30 ಹೆಲಿಕಾಪ್ಟರ್ ತಯಾರಾಗಲಿದ್ದು, ಹಂತ ಹಂತವಾಗಿ ಅದನ್ನು 60ಕ್ಕೆ, ಬಳಿಕ 90ಕ್ಕೆ ಹೆಚ್ಚಿಸಬಹುದು. ಮುಂದೆ ಲಘು ಯುದ್ಧ ಹೆಲಿಕಾಪ್ಟರ್ (ಎಲ್‌ಸಿಎಚ್) ಹಾಗೂ ಭಾರತೀಯ ಬಹೂಪಯೋಗಿ ಹೆಲಿಕಾಪ್ಟರ್ (ಐಎಂಆರ್‌ಎಚ್) ತಯಾರಿಕೆಗೂ ಘಟಕವನ್ನು ಸಜ್ಜುಗೊಳಿಸಲಾಗುವುದು. 3ರಿಂದ 15 ಟನ್ ವರೆಗಿನ 1,000ಕ್ಕೂ ಹೆಚ್ಚು ಹೆಲಿಕಾಪ್ಟರ್‌ಗಳನ್ನು ತಯಾರಿಸಿ, 20 ವರ್ಷಗಳಲ್ಲಿ ನಾಲ್ಕು ಲಕ್ಷ ಕೋಟಿ ರೂಪಾಯಿಗೂ ಮೀರಿದ ವಹಿವಾಟು ನಡೆಸುವ ಯೋಜನೆ ಸಂಸ್ಥೆಗಿದೆ.

ಇದರಲ್ಲಿ ಆ ದಿನಕ್ಕೆ ಆಗಿಹೋಗಿದ್ದ ಸಂಗತಿಗಳು ಯಾವುವು? ಕಟ್ಟಡಗಳು ಎದ್ದಿದ್ದವು. ಹೆಲಿಕಾಪ್ಟರ್ ಓಡುದಾರಿ, ಹಾರಾಟದ ಹ್ಯಾಂಗರ್, ಅಂತಿಮ ಜೋಡಣೆಯ ಹ್ಯಾಂಗರ್, ಕವಚ ಜೋಡಣೆಯ ಹ್ಯಾಂಗರ್, ವಾಯು ಸಂಚಾರ ನಿಯಂತ್ರಣ ಕೇಂದ್ರ ಸಿದ್ಧವಾಗಿವೆ ಎಂದು ಪ್ರಕಟಣೆ ಹೆಸರು ಹಿಡಿದು ಹೇಳಿತ್ತು. ಮೊದಲ ಎಲ್‌ಯುಎಚ್ ಪರೀಕ್ಷಾರ್ಥ ಹಾರಾಟ ಮುಗಿಸಿ ಅನಾವರಣಕ್ಕೆ ಸಿದ್ಧವಾಗಿದೆ ಎಂದೂ ಹೇಳಿತ್ತು. ಇವು ಮುಗಿದ ಕೆಲಸಗಳು. ಸ್ಥಳಕ್ಕೆ ಹೋದವರು ಕಣ್ಣಾರೆ ನೋಡಬಹುದಾದವು.

ಆಗುತ್ತಿದ್ದ ಸಂಗತಿ ಮತ್ತೊಂದು ಸಾಲಿನಲ್ಲಿತ್ತು. ಕಾರ್ಖಾನೆ ಪೂರ್ಣ ಪ್ರಮಾಣದಲ್ಲಿ ಕಾರ್ಯಾಚರಣೆಗೆ ಸಿದ್ಧ ಎಂದು ಒಂದು ವಾಕ್ಯ ಹೇಳಿದರೆ, ಅದರ ಬೆನ್ನಿಗೇ ಬಂದ ವಾಕ್ಯ ಅತ್ಯಾಧುನಿಕ ಉಪಕರಣ ಹಾಗೂ ತಂತ್ರಗಳಿಂದ ಕಾರ್ಖಾನೆಯನ್ನು ಸಜ್ಜುಗೊಳಿಸಲಾಗುತ್ತಿದೆ ಎಂದಿತು. ಎರಡೂ ನಿಜವಿರಬಹುದು. ಆದರೆ ಮೊದಲ ವಾಕ್ಯವನ್ನಷ್ಟೇ ಎತ್ತಿಕೊಂಡವರು ಕಾರ್ಖಾನೆ ನಾಳೆಯಿಂದಲೇ ತನ್ನ ಪೂರ್ಣ ವೇಗದಲ್ಲಿ ಓಡುತ್ತದೆ ಎಂದು ತಿಳಿದರೆ, ಎರಡನೆಯದನ್ನೂ ಓದಿದವರಿಗೆ ಯಂತ್ರಗಳ ಅಳವಡಿಕೆ ಇನ್ನೂ ನಡೆದಿದೆ ಎಂಬುದು ಗೊತ್ತಾಗುತ್ತದೆ.

ಉಳಿದದ್ದೆಲ್ಲವೂ ಯೋಜನೆ ಅಥವಾ ಸಾಧ್ಯತೆ. 30 ಎಂಬುದು ಆರಂಭಿಕ ಗುರಿ. 60 ಮತ್ತು 90 'ಹೆಚ್ಚಿಸಬಹುದಾದ' ಸಂಖ್ಯೆಗಳು. ಸಾವಿರ ಹೆಲಿಕಾಪ್ಟರ್ ಮತ್ತು ನಾಲ್ಕು ಲಕ್ಷ ಕೋಟಿ ಸಂಸ್ಥೆಯ ಯೋಜನೆ. ನಾಗರಿಕ ಬಳಕೆಯ ಹೆಲಿಕಾಪ್ಟರ್‌ಗಳ ರಫ್ತು ಭವಿಷ್ಯದ ಸಾಮರ್ಥ್ಯ. ಇಷ್ಟೂ ಸಾಲುಗಳು ಒಂದೇ ಗಾತ್ರದ ಅಕ್ಷರಗಳಲ್ಲಿ ಅಚ್ಚಾಗಿರುತ್ತವೆಯಾದರೂ ಅವುಗಳ ತೂಕ ಒಂದೇ ಅಲ್ಲ.

ಕನ್ನಡದ ಸುದ್ದಿಮನೆಗಳಿಗೆ ಇಲ್ಲಿ ಇನ್ನೊಂದು ತೊಡಕಿದೆ. ಮೂಲ ಪ್ರಕಟಣೆ ಬಹುತೇಕ ಇಂಗ್ಲಿಷಿನಲ್ಲಿರುತ್ತದೆ. ಅನುವಾದದ ಅವಸರದಲ್ಲಿ 'ಹೆಚ್ಚಿಸಬಹುದು' ಎಂಬುದು 'ಹೆಚ್ಚಿಸಲಾಗುವುದು' ಎಂದಾದರೆ ಸಾಧ್ಯತೆ ಭರವಸೆಯಾಗುತ್ತದೆ. ಶೀರ್ಷಿಕೆಯಲ್ಲಿ ಜಾಗ ಸಾಲದೆ 'ವರ್ಷಕ್ಕೆ 90 ಹೆಲಿಕಾಪ್ಟರ್' ಎಂದಷ್ಟೇ ಉಳಿದರೆ ಭರವಸೆಯೂ ಕಳಚಿ ವಾಸ್ತವದ ವೇಷ ತೊಡುತ್ತದೆ. ಒಂದು ಪ್ರತ್ಯಯದ ವ್ಯತ್ಯಾಸದಿಂದ ಕಾರ್ಖಾನೆಯ ಗಾತ್ರ ಮೂರು ಪಟ್ಟು ಬೆಳೆದುಬಿಡುತ್ತದೆ.

ಎಷ್ಟು ಬಾರಿ ಆರಂಭ?

ಕಾರ್ಖಾನೆಗೆ ಒಂದೇ ಹುಟ್ಟುಹಬ್ಬವಿರುವುದಿಲ್ಲ. ಸರ್ಕಾರದೊಂದಿಗೆ ಒಡಂಬಡಿಕೆಗೆ ಸಹಿ ಬೀಳುವ ದಿನ ಒಂದು. ಅಡಿಗಲ್ಲು ಇಡುವ ದಿನ ಇನ್ನೊಂದು. ಬಳಿಕ ಪ್ರಾಯೋಗಿಕ ಉತ್ಪಾದನೆ, ಉದ್ಘಾಟನೆ, ವಾಣಿಜ್ಯ ಉತ್ಪಾದನೆಯ ಆರಂಭ ಮತ್ತು ಘೋಷಿತ ಸಾಮರ್ಥ್ಯವನ್ನು ಮುಟ್ಟುವ ದಿನ. ಇವುಗಳಲ್ಲಿ ಮೊದಲ ಎರಡಕ್ಕೂ ಉದ್ಘಾಟನೆಗೂ ಪತ್ರಿಕಾ ಪ್ರಕಟಣೆ ತಪ್ಪದೆ ಬರುತ್ತದೆ. ಕೊನೆಯ ಎರಡು ಘಟ್ಟಗಳು ಬಹುಪಾಲು ಸದ್ದಿಲ್ಲದೆ ಕಳೆದುಹೋಗುತ್ತವೆ. ಆದರೆ ಕೆಲಸ, ವಹಿವಾಟು, ತೆರಿಗೆ ಎಲ್ಲವೂ ನಿಜವಾಗಿ ಹುಟ್ಟುವುದು ಆ ಕೊನೆಯ ಎರಡು ಘಟ್ಟಗಳಲ್ಲೇ.

ಗುಬ್ಬಿಯ ಕಾರ್ಖಾನೆಗೆ ಅಡಿಗಲ್ಲು ಬಿದ್ದದ್ದು 2016ರ ಜನವರಿ 3ರಂದು. ಇಲ್ಲಿನ ಮೊದಲ ಹೆಲಿಕಾಪ್ಟರ್ 2018ರ ವೇಳೆಗೆ ಸಿದ್ಧವಾಗಲಿದೆ ಎಂಬ ನಿರೀಕ್ಷೆ ಅಂದು ವ್ಯಕ್ತವಾಗಿತ್ತು. ಉದ್ಘಾಟನೆ ನಡೆದದ್ದು ಏಳು ವರ್ಷಗಳ ನಂತರ. 2023ರ ಪ್ರಕಟಣೆ ಅಡಿಗಲ್ಲಿನ ವರ್ಷವನ್ನು ಸ್ಮರಿಸಿತಾದರೂ, ಮೊದಲ ಗಡುವಿಗೆ ಏನಾಯಿತು ಎಂಬ ವಿವರಣೆಯತ್ತ ಹೋಗಲಿಲ್ಲ. ಉದ್ಘಾಟನೆಯ ಪ್ರಕಟಣೆಗಳ ಸ್ವಭಾವವೇ ಹಾಗೆ. ಅವು ಮುಂದೆ ನೋಡುತ್ತವೆ, ಹಿಂದಿರುಗಿ ನೋಡುವ ಕೆಲಸವನ್ನು ಓದುಗರಿಗೆ ಬಿಡುತ್ತವೆ.

ವಿಳಂಬಕ್ಕೆ ಕಾರಣ ಕಟ್ಟಡವಷ್ಟೇ ಆಗಿರಬೇಕಿಲ್ಲ ಎಂಬುದನ್ನೂ ಗಮನಿಸಬೇಕು. ಎಲ್‌ಯುಎಚ್ ಮೊದಲ ಬಾರಿಗೆ ಹಾರಿದ್ದೇ 2016ರ ಸೆಪ್ಟೆಂಬರ್‌ನಲ್ಲಿ, ಅಂದರೆ ಕಾರ್ಖಾನೆಗೆ ಅಡಿಗಲ್ಲು ಬಿದ್ದು ಎಂಟು ತಿಂಗಳಾದ ಮೇಲೆ. ವಾಯುಪಡೆಯ ಆವೃತ್ತಿಗೆ ಆರಂಭಿಕ ಕಾರ್ಯಾಚರಣಾ ಅನುಮತಿ 2020ರಲ್ಲಿ, ಸೇನೆಯ ಆವೃತ್ತಿಗೆ 2021ರಲ್ಲಿ ದೊರೆಯಿತು. ತಯಾರಿಸಬೇಕಾದ ವಸ್ತುವಿಗೇ ಅನುಮತಿ ಸಿಗದಿರುವಾಗ ಕಾರ್ಖಾನೆ ಎಷ್ಟು ಬೇಗ ಎದ್ದುನಿಂತರೂ ಉತ್ಪಾದನೆ ಆರಂಭವಾಗದು. ಬಿಸ್ಕತ್ತು, ಸಿಮೆಂಟ್‌ನಂಥ ಪರಿಚಿತ ಸರಕಿನ ಕಾರ್ಖಾನೆಗೂ ಹೊಸ ವಿನ್ಯಾಸದ ಯಂತ್ರವನ್ನು ತಯಾರಿಸುವ ಕಾರ್ಖಾನೆಗೂ ಇರುವ ಮುಖ್ಯ ವ್ಯತ್ಯಾಸವಿದು. ಎರಡನೆಯ ಬಗೆಯದಾದರೆ ಕಟ್ಟಡದ ಗಡುವಿಗಿಂತ ಮೊದಲು ಉತ್ಪನ್ನದ ಗಡುವನ್ನು ಕೇಳಬೇಕಾಗುತ್ತದೆ.

ಸಾಮರ್ಥ್ಯ ಬೇರೆ, ಬೇಡಿಕೆ ಬೇರೆ

'ವರ್ಷಕ್ಕೆ 30' ಎಂಬುದು ಸಾಮರ್ಥ್ಯ. ಎಲ್ಲ ಯಂತ್ರಗಳೂ ಇದ್ದು, ಎಲ್ಲ ಬಿಡಿಭಾಗಗಳೂ ಸಮಯಕ್ಕೆ ಬಂದು, ಸಾಕಷ್ಟು ನುರಿತ ಕೆಲಸಗಾರರಿದ್ದರೆ ಕಾರ್ಖಾನೆ ಅಷ್ಟು ತಯಾರಿಸಬಲ್ಲದು ಎಂದಷ್ಟೇ ಅದರ ಅರ್ಥ. ಅಷ್ಟನ್ನು ಕೊಳ್ಳುವವರಿದ್ದಾರೆಯೇ ಎಂಬುದು ಬೇರೆಯೇ ಪ್ರಶ್ನೆ. ಕಾರು ಅಥವಾ ಬೈಕು ಆದರೆ ಮಾರುಕಟ್ಟೆ ಅದಕ್ಕೆ ಉತ್ತರ ಹೇಳುತ್ತದೆ. ಸೇನಾ ಹೆಲಿಕಾಪ್ಟರ್ ವಿಷಯದಲ್ಲಿ ಉತ್ತರ ಹೇಳುವುದು ರಕ್ಷಣಾ ಇಲಾಖೆಯ ಖರೀದಿ ಆದೇಶ.

ಉದ್ಘಾಟನೆಗೆ ಮೊದಲು ಬಹಿರಂಗವಾಗಿದ್ದ ಮುಖ್ಯ ಬೆಳವಣಿಗೆಯೆಂದರೆ, 12 ಎಲ್‌ಯುಎಚ್ ಖರೀದಿಸುವ ಪ್ರಸ್ತಾವಕ್ಕೆ ರಕ್ಷಣಾ ಖರೀದಿ ಮಂಡಳಿ 2021ರ ನವೆಂಬರ್‌ನಲ್ಲಿ ನೀಡಿದ ಒಪ್ಪಿಗೆ. ಸೇನೆ ಮತ್ತು ವಾಯುಪಡೆ ಎರಡರ ಒಟ್ಟು ಅಗತ್ಯ 187 ಎಂದು ಅಂದಾಜಿಸಲಾಗಿತ್ತು. ಈಗ ಲೆಕ್ಕ ಹಾಕಿ ನೋಡಬಹುದು. ಒಪ್ಪಿಗೆ ದೊರೆತ 12 ಹೆಲಿಕಾಪ್ಟರ್ ಈ ಕಾರ್ಖಾನೆಯ ಘೋಷಿತ ಆರಂಭಿಕ ಸಾಮರ್ಥ್ಯದ ಲೆಕ್ಕದಲ್ಲಿ ಐದು ತಿಂಗಳ ಕೆಲಸವೂ ಅಲ್ಲ. ಪೂರ್ತಿ 187ಕ್ಕೂ ಆದೇಶ ಬಂದರೂ ವರ್ಷಕ್ಕೆ 30ರಂತೆ ಅದು ಆರು ವರ್ಷಗಳನ್ನು ತುಸು ಮೀರಿದ ಕೆಲಸ. ಆದ್ದರಿಂದ 60 ಅಥವಾ 90ರ ಮಾತು ನಿಜವಾಗಬೇಕಾದರೆ ಎಲ್‌ಯುಎಚ್ ಒಂದರಿಂದಲೇ ಸಾಲದು. ಬೇರೆ ಹೆಲಿಕಾಪ್ಟರ್‌ಗಳು ಗುಬ್ಬಿಗೆ ಬರಲೇಬೇಕು.

ಅಗತ್ಯ, ಒಪ್ಪಿಗೆ, ಒಪ್ಪಂದ ಈ ಮೂರು ಪದಗಳ ನಡುವಿನ ಅಂತರವನ್ನೂ ಇಲ್ಲಿ ಮರೆಯುವಂತಿಲ್ಲ. 187 ಎಂಬುದು ಅಗತ್ಯದ ಅಂದಾಜು. 12 ಎಂಬುದು ಖರೀದಿ ಪ್ರಕ್ರಿಯೆ ಆರಂಭಿಸಲು ದೊರೆತ ಒಪ್ಪಿಗೆ. ಬೆಲೆ ನಿಗದಿಯಾಗಿ ಸಹಿ ಬಿದ್ದಾಗ ಮಾತ್ರ ಅದು ಒಪ್ಪಂದ. ಕಾರ್ಖಾನೆಯ ಯಂತ್ರಗಳಿಗೆ ದಿನವೂ ಕೆಲಸ ಕೊಡುವುದು ಮೂರನೆಯದು ಮಾತ್ರ.

ದೊಡ್ಡ ಅಂಕಿಯನ್ನು ಬಿಡಿಸಿದಾಗ

ಪ್ರಕಟಣೆಯಲ್ಲಿ ಎಲ್ಲರ ಕಣ್ಣು ಸೆಳೆಯುವ ಸಾಲು ನಾಲ್ಕು ಲಕ್ಷ ಕೋಟಿ ರೂಪಾಯಿಯದು. ಇಂಥ ಅಂಕಿಯನ್ನು ಬೆರಗಿನಿಂದ ನೋಡುವುದಕ್ಕಿಂತ ಭಾಗಿಸಿ ನೋಡುವುದು ಹೆಚ್ಚು ಉಪಯುಕ್ತ. ಇಪ್ಪತ್ತು ವರ್ಷಗಳಲ್ಲಿ ಸಾವಿರ ಹೆಲಿಕಾಪ್ಟರ್ ಎಂದರೆ ವರ್ಷಕ್ಕೆ ಸರಾಸರಿ 50. ಆದರೆ ಆರಂಭಿಕ ಸಾಮರ್ಥ್ಯ 30. ಅದರಂತೆ ಇಪ್ಪತ್ತು ವರ್ಷಕ್ಕೆ ಆಗುವುದು 600. ಅಂದರೆ ಸಾವಿರದ ಮಾತಿನೊಳಗೆ ಎರಡನೆಯ ಹಂತದ ವಿಸ್ತರಣೆ ಈಗಾಗಲೇ ಸೇರಿಕೊಂಡಿದೆ. 'ಹೆಚ್ಚಿಸಬಹುದು' ಎಂದು ಒಂದು ಸಾಲಿನಲ್ಲಿ ಸಾಧ್ಯತೆಯಾಗಿದ್ದದ್ದು ಇನ್ನೊಂದು ಸಾಲಿನ ಲೆಕ್ಕಕ್ಕೆ ಆಧಾರವಾಗಿದೆ.

ನಾಲ್ಕು ಲಕ್ಷ ಕೋಟಿಯನ್ನು ಸಾವಿರದಿಂದ ಭಾಗಿಸಿದರೆ ಒಂದಕ್ಕೆ ಸರಾಸರಿ 400 ಕೋಟಿ ರೂಪಾಯಿ. ಇದು ಹೆಚ್ಚೋ ಕಡಿಮೆಯೋ ಎಂದು ತೂಗಲು ಆ ಹೊತ್ತಿನಲ್ಲಿ ಸುಲಭದ ಅಳತೆಗೋಲು ಇರಲಿಲ್ಲ. ಎರಡು ವರ್ಷಗಳ ನಂತರ ಒಂದು ಸಿಕ್ಕಿತು. 2025ರ ಮಾರ್ಚ್ 28ರಂದು ರಕ್ಷಣಾ ಸಚಿವಾಲಯವು 156 ಲಘು ಯುದ್ಧ ಹೆಲಿಕಾಪ್ಟರ್ 'ಪ್ರಚಂಡ' ಪೂರೈಕೆಗಾಗಿ ಎಚ್‌ಎಎಲ್ ಜೊತೆ 62,700 ಕೋಟಿ ರೂಪಾಯಿಗಳ ಒಪ್ಪಂದಗಳಿಗೆ ಸಹಿ ಹಾಕಿತು. ತೆರಿಗೆ ಹೊರತುಪಡಿಸಿದ ಈ ಮೊತ್ತದಲ್ಲಿ ತರಬೇತಿ ಹಾಗೂ ಇತರ ಉಪಕರಣಗಳ ಖರ್ಚೂ ಸೇರಿದೆ. ಒಂದಕ್ಕೆ ಸರಾಸರಿ 402 ಕೋಟಿ ರೂಪಾಯಿ.

ಹಾಗಾದರೆ ಸರಾಸರಿ ಸರಿಯಾಗಿಯೇ ಇತ್ತಲ್ಲ ಎನ್ನಿಸಬಹುದು. ಆದರೆ 'ಪ್ರಚಂಡ' ಎರಡು ಎಂಜಿನ್ನಿನ, ಶಸ್ತ್ರಸಜ್ಜಿತ ಯುದ್ಧ ಹೆಲಿಕಾಪ್ಟರ್. ಒಂದೇ ಎಂಜಿನ್ನಿನ ಮೂರು ಟನ್ ವರ್ಗದ ಎಲ್‌ಯುಎಚ್ ಅಷ್ಟು ದುಬಾರಿಯಾಗಿರಲು ಸಾಧ್ಯವಿಲ್ಲ. ಸಾವಿರ ಹೆಲಿಕಾಪ್ಟರ್‌ಗಳ ಸರಾಸರಿ ಯುದ್ಧ ಹೆಲಿಕಾಪ್ಟರ್ ಒಂದರ ಬೆಲೆಗೆ ಸಮನಾಗಬೇಕಾದರೆ, ಅಗ್ಗದ ಹೆಲಿಕಾಪ್ಟರ್‌ಗಳನ್ನು ಸರಿದೂಗಿಸಲು ಅಷ್ಟೇ ದುಬಾರಿಯಾದ, ಹೆಚ್ಚು ಭಾರದ ಹೆಲಿಕಾಪ್ಟರ್‌ಗಳು ದೊಡ್ಡ ಸಂಖ್ಯೆಯಲ್ಲಿ ಬೇಕು; ಇಲ್ಲವೇ ದಶಕಗಳ ನಿರ್ವಹಣೆ, ದುರಸ್ತಿಯ ಆದಾಯವೂ ಲೆಕ್ಕಕ್ಕೆ ಸೇರಿರಬೇಕು. ಆ ಭಾರದ ಹೆಲಿಕಾಪ್ಟರ್ ಎಂದರೆ ಐಎಂಆರ್‌ಎಚ್. ಉದ್ಘಾಟನೆಯ ದಿನ ಅದು ಇನ್ನೂ ವಿನ್ಯಾಸದ ಹಂತದಲ್ಲಿತ್ತು. ನಾಲ್ಕು ಲಕ್ಷ ಕೋಟಿಯ ಅಂಕಿ ಹಾರಾಡುತ್ತಿರುವ ಹೆಲಿಕಾಪ್ಟರ್‌ನ ಮೇಲಷ್ಟೇ ಅಲ್ಲ, ಇನ್ನೂ ಕಾಗದದ ಮೇಲಿದ್ದ ಹೆಲಿಕಾಪ್ಟರ್‌ನ ಮೇಲೂ ನಿಂತಿತ್ತು ಎಂಬುದು ಈ ಸರಳ ಭಾಗಾಕಾರದಿಂದ ಹೊರಬರುತ್ತದೆ.

'ಪ್ರಚಂಡ'ದ ಒಪ್ಪಂದ ಮತ್ತೊಂದು ದೃಷ್ಟಿಯಿಂದಲೂ ಮುಖ್ಯ. ಈ ಹೆಲಿಕಾಪ್ಟರ್‌ಗಳು ಎಚ್‌ಎಎಲ್‌ನ ಬೆಂಗಳೂರು ಮತ್ತು ತುಮಕೂರು ಘಟಕಗಳಲ್ಲಿ ತಯಾರಾಗಲಿವೆ ಎಂದು ಆಗ ವರದಿಯಾಗಿತ್ತು. ಪೂರೈಕೆ ಒಪ್ಪಂದದ ಮೂರನೆಯ ವರ್ಷದಿಂದ ಆರಂಭವಾಗಿ ಐದು ವರ್ಷಗಳ ಅವಧಿಗೆ ಹರಡಿದೆ. ವರ್ಷಕ್ಕೆ ಸುಮಾರು 31. ಇದು ಎರಡೂ ಘಟಕಗಳಿಗೆ ಹಂಚಿಹೋಗುವ ಕೆಲಸ. ಆದರೂ 2023ರ ಪ್ರಕಟಣೆಯಲ್ಲಿ 'ಮುಂದೆ ಸಜ್ಜುಗೊಳಿಸಲಾಗುವುದು' ಎಂದಷ್ಟೇ ಇದ್ದ ಸಾಲಿಗೆ ಸಹಿ, ಮೊತ್ತ ಮತ್ತು ಗಡುವು ಮೂರೂ ಬಂದವು. ಪ್ರಕಟಣೆಯ ಯಾವ ಸಾಲು ಗಟ್ಟಿಯಾಯಿತು ಎಂದು ಹೇಳುವುದು ಮತ್ತೊಂದು ಸಮಾರಂಭವಲ್ಲ, ಇಂಥ ಒಪ್ಪಂದ.

'ನೇರ ಹಾಗೂ ಪರೋಕ್ಷ' ಉದ್ಯೋಗ

ಉದ್ಯೋಗದ ಅಂಕಿ ಪ್ರಕಟಣೆಗಳಲ್ಲಿ ಅತ್ಯಂತ ಹಿಗ್ಗುವ ಸ್ವಭಾವದ್ದು. ನೇರ ಉದ್ಯೋಗವೆಂದರೆ ಕಾರ್ಖಾನೆಯ ಸಂಬಳದ ಪಟ್ಟಿಯಲ್ಲಿ ಹೆಸರಿರುವವರು. ಅವರಲ್ಲೂ ಕಾಯಂ ನೌಕರರು, ಗುತ್ತಿಗೆದಾರರ ಮೂಲಕ ಬಂದವರು, ತರಬೇತಿಯಲ್ಲಿರುವ ಅಪ್ರೆಂಟಿಸ್‌ಗಳು ಎಂಬ ಭೇದಗಳಿವೆ. ಪರೋಕ್ಷ ಉದ್ಯೋಗವೆಂದರೆ ಬಿಡಿಭಾಗ ಪೂರೈಸುವ ಘಟಕಗಳಿಂದ ಹಿಡಿದು ಸಾಗಣೆ, ಕ್ಯಾಂಟೀನು, ಭದ್ರತೆ, ಬಾಡಿಗೆ ಕಾರು, ಗೇಟಿನೆದುರಿನ ಹೋಟೆಲಿನವರೆಗೆ ಎಲ್ಲವೂ. ಮೊದಲನೆಯದನ್ನು ಎಣಿಸಬಹುದು, ಎರಡನೆಯದನ್ನು ಅಂದಾಜಿಸಬಹುದು ಅಷ್ಟೆ. ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ಕೊಟ್ಟಾಗ ಎಣಿಸಬಹುದಾದದ್ದೂ ಎಣಿಕೆಗೆ ಸಿಗದಂತಾಗುತ್ತದೆ.

ಗುಬ್ಬಿಯ ಅಡಿಗಲ್ಲಿನ ಹೊತ್ತಿಗೆ ನೇರ ಹಾಗೂ ಪರೋಕ್ಷವಾಗಿ ಸುಮಾರು 4,000 ಕುಟುಂಬಗಳಿಗೆ ಜೀವನೋಪಾಯ ದೊರೆಯುವ ಮಾತು ಕೇಳಿಬಂದಿತ್ತು. ಇದರಲ್ಲಿ ಎಚ್‌ಎಎಲ್ ನೇಮಕ ಮಾಡಿಕೊಳ್ಳುವವರೆಷ್ಟು, ಬೆಂಗಳೂರಿನ ಘಟಕಗಳಿಂದ ವರ್ಗವಾಗಿ ಬರುವವರೆಷ್ಟು, ತಾಲ್ಲೂಕಿನ ಐಟಿಐ ಕಲಿತ ಹುಡುಗರಿಗೆ ಸಿಗುವುದೆಷ್ಟು ಎಂಬ ಪ್ರಶ್ನೆಗಳು ಸ್ಥಳೀಯರಿಗೆ ಒಟ್ಟು ಸಂಖ್ಯೆಗಿಂತ ಮುಖ್ಯವಾದವು.

ಇದಕ್ಕೆ ಹೋಲಿಸಿದರೆ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ 2023ರ ನವೆಂಬರ್‌ನಲ್ಲಿ ಮೂರನೆಯ ಘಟಕಕ್ಕಾಗಿ ರಾಜ್ಯ ಸರ್ಕಾರದೊಂದಿಗೆ ಒಡಂಬಡಿಕೆ ಮಾಡಿಕೊಂಡಾಗ ನೀಡಿದ ಅಂಕಿಗಳು ಹೆಚ್ಚು ಬಿಡಿಯಾಗಿದ್ದವು. ಸುಮಾರು 3,300 ಕೋಟಿ ರೂಪಾಯಿ ಹೂಡಿಕೆ, ವರ್ಷಕ್ಕೆ ಒಂದು ಲಕ್ಷ ವಾಹನಗಳ ಹೆಚ್ಚುವರಿ ಸಾಮರ್ಥ್ಯ, ಸುಮಾರು 2,000 ಮಂದಿಗೆ ಉದ್ಯೋಗ. ಸಾಮರ್ಥ್ಯವನ್ನು ಎರಡು ಪಾಳಿಯ ಲೆಕ್ಕದಲ್ಲಿ ಹೇಳಲಾಗಿತ್ತು. ಪಾಳಿಯ ಉಲ್ಲೇಖ ಸಣ್ಣದಾಗಿ ಕಂಡರೂ ಬಹಳ ಮುಖ್ಯ. ಮಾರಾಟ ಕುಗ್ಗಿ ಕಾರ್ಖಾನೆ ಒಂದೇ ಪಾಳಿಯಲ್ಲಿ ಓಡಿದರೆ ಉತ್ಪಾದನೆಯೂ ಉದ್ಯೋಗವೂ ಎಷ್ಟರಮಟ್ಟಿಗೆ ಇಳಿಯುತ್ತವೆ ಎಂಬುದನ್ನು ಅದೊಂದೇ ಪದದಿಂದ ಅಂದಾಜಿಸಬಹುದು. ಹೂಡಿಕೆಯನ್ನು ಉದ್ಯೋಗದಿಂದ ಭಾಗಿಸಿದರೆ ಒಂದು ಕೆಲಸಕ್ಕೆ 1.65 ಕೋಟಿ ರೂಪಾಯಿ ಎಂದಾಗುತ್ತದೆ. ಇಂದಿನ ಯಂತ್ರಾಧಾರಿತ ಕಾರ್ಖಾನೆಗಳಲ್ಲಿ ಹೂಡಿಕೆಯ ಗಾತ್ರ ನೋಡಿ ಉದ್ಯೋಗದ ಗಾತ್ರ ಊಹಿಸಬಾರದು ಎನ್ನಲು ಈ ಲೆಕ್ಕ ಸಾಕು.

ಪ್ರಕಟಣೆಯ ಪಕ್ಕದಲ್ಲಿಟ್ಟು ಓದಬೇಕಾದ ಕಾಗದಗಳು

ಪ್ರಕಟಣೆ ಬರೆಯಲು ಕಾನೂನಿನ ಚೌಕಟ್ಟಿಲ್ಲ. ಏನು ಹೇಳಬೇಕು, ಏನು ಬಿಡಬೇಕು ಎಂಬುದು ಬರೆಯುವವರ ಇಚ್ಛೆ. ಆದರೆ ಅದೇ ಕಾರ್ಖಾನೆಯ ಬಗ್ಗೆ ಬೇರೆಡೆ ಕಡ್ಡಾಯವಾಗಿ ಹೇಳಬೇಕಾದ ಮಾತುಗಳಿರುತ್ತವೆ. ಅವುಗಳಲ್ಲಿ ಎರಡು ಸಾಮಾನ್ಯ ಓದುಗರಿಗೂ ಎಟುಕುವಂಥವು.

ಮೊದಲನೆಯದು ಷೇರು ವಿನಿಮಯ ಕೇಂದ್ರಕ್ಕೆ ನೀಡುವ ಮಾಹಿತಿ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯು ಯಾವುದೇ ಘಟಕದ ವಾಣಿಜ್ಯ ಉತ್ಪಾದನೆಯ ಆರಂಭವನ್ನು, ಹಾಗೆಯೇ ಆ ದಿನಾಂಕ ಮುಂದೂಡಿಕೆಯಾದರೆ ಅದನ್ನೂ, ಅದು ಕಂಪನಿಯ ಗಾತ್ರಕ್ಕೆ ಹೋಲಿಸಿದರೆ ಗಣನೀಯವಾಗಿದ್ದಲ್ಲಿ ವಿನಿಮಯ ಕೇಂದ್ರಗಳಿಗೆ ತಿಳಿಸಬೇಕೆಂದು ಸೆಬಿ ನಿಯಮ ಹೇಳುತ್ತದೆ. 2023ರ ತಿದ್ದುಪಡಿಯ ಬಳಿಕ, ಕಂಪನಿಯೊಳಗಿಂದಲೇ ಹುಟ್ಟಿದ ಇಂಥ ಮಾಹಿತಿಗೆ 12 ಗಂಟೆಗಳ ಗಡುವಿದೆ. ಸಾಮರ್ಥ್ಯ ಹೆಚ್ಚಳವಾದರೆ ಈಗಿರುವ ಸಾಮರ್ಥ್ಯ ಎಷ್ಟು, ಅದರಲ್ಲಿ ಎಷ್ಟು ಬಳಕೆಯಾಗುತ್ತಿದೆ, ಹೊಸದಾಗಿ ಸೇರುವುದೆಷ್ಟು, ಯಾವ ಅವಧಿಯಲ್ಲಿ, ಎಷ್ಟು ಹಣದಲ್ಲಿ, ಆ ಹಣ ಎಲ್ಲಿಂದ ಬರುತ್ತದೆ ಎಂಬ ವಿವರಗಳನ್ನು ಕೊಡಬೇಕು. ಈಗಿರುವ ಸಾಮರ್ಥ್ಯದ ಬಳಕೆ ಎಷ್ಟು ಎಂಬ ಸಾಲು ಸಂಭ್ರಮದ ಪ್ರಕಟಣೆಗಳಲ್ಲಿ ಕಾಣಸಿಗುವುದು ಬಲು ಅಪರೂಪ. ಹಳೆಯ ಘಟಕ ಅರ್ಧ ಖಾಲಿಯಿರುವಾಗ ಹೊಸ ಘಟಕ ತೆರೆಯುವುದಕ್ಕೂ, ಹಳೆಯದು ತುಂಬಿ ತುಳುಕಿ ಹೊಸದು ತೆರೆಯುವುದಕ್ಕೂ ಇರುವ ಅಂತರ ಅಲ್ಲಿ ತಿಳಿಯುತ್ತದೆ. 2018ರಲ್ಲಿ ಷೇರುಪೇಟೆ ಪ್ರವೇಶಿಸಿದ ಎಚ್‌ಎಎಲ್ ಈ ನಿಯಮಗಳಿಗೆ ಒಳಪಟ್ಟಿದೆ. ಷೇರುಪೇಟೆಯಲ್ಲಿಲ್ಲದ ಕಂಪನಿಗಳ ವಿಷಯದಲ್ಲಿ ಈ ದಾರಿ ಮುಚ್ಚಿರುತ್ತದೆ.

ಎರಡನೆಯದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ. ಮಂಡಳಿಯ ವ್ಯಾಪ್ತಿಗೆ ಬರುವ ಕಾರ್ಖಾನೆ ಕಟ್ಟುವ ಮುನ್ನ ಸ್ಥಾಪನೆಗೆ ಒಂದು, ನಡೆಸುವ ಮುನ್ನ ಕಾರ್ಯಾಚರಣೆಗೆ ಇನ್ನೊಂದು ಸಮ್ಮತಿ ಬೇಕು. ಯಾವ ಸರಕು, ಎಷ್ಟು ಪ್ರಮಾಣದಲ್ಲಿ ತಯಾರಿಸಬಹುದು, ಎಷ್ಟು ತ್ಯಾಜ್ಯ ನೀರನ್ನು ಹೇಗೆ ಸಂಸ್ಕರಿಸಬೇಕು ಎಂಬುದನ್ನು ಕಾರ್ಯಾಚರಣೆಯ ಸಮ್ಮತಿ ನಿಗದಿಪಡಿಸುತ್ತದೆ. ಪ್ರಕಟಣೆ ಹೇಳುವ ಸಾಮರ್ಥ್ಯಕ್ಕೂ ಸಮ್ಮತಿ ಪತ್ರದಲ್ಲಿರುವ ಪ್ರಮಾಣಕ್ಕೂ ದೊಡ್ಡ ವ್ಯತ್ಯಾಸವಿದ್ದರೆ, ಪ್ರಕಟಣೆ ಹೇಳುತ್ತಿರುವುದು ಮುಂದಿನ ಹಂತದ ಮಾತು ಎಂದು ತಿಳಿಯಬಹುದು. ಕಾರ್ಯಾಚರಣೆಯ ಸಮ್ಮತಿಯೇ ಇನ್ನೂ ದೊರೆತಿಲ್ಲವಾದರೆ ರಿಬ್ಬನ್ ಕತ್ತರಿಸಿದ್ದು ಕಟ್ಟಡಕ್ಕೆ, ಉತ್ಪಾದನೆಗಲ್ಲ.

ಹೂಡಿಕೆಯ ಸುದ್ದಿಗಳಲ್ಲಿ ಪದೇ ಪದೇ ಕಾಣಿಸುವ ಏಕಗವಾಕ್ಷಿ ಸಮಿತಿ ಹಾಗೂ ಉನ್ನತ ಮಟ್ಟದ ಸಮಿತಿಗಳ ಒಪ್ಪಿಗೆಯನ್ನು ಇವುಗಳೊಂದಿಗೆ ಬೆರೆಸಬಾರದು. ಅದು ಯೋಜನಾ ಪ್ರಸ್ತಾವಕ್ಕೆ ಸಿಗುವ ಒಪ್ಪಿಗೆ. ಭೂಮಿ, ವಿದ್ಯುತ್, ನೀರು, ರಿಯಾಯಿತಿಗಳಿಗೆ ಅದು ಬಾಗಿಲು ತೆರೆಯುತ್ತದೆಯೇ ಹೊರತು ಕಾರ್ಖಾನೆ ಕಟ್ಟಿಯೇ ತೀರಬೇಕೆಂದು ಯಾರನ್ನೂ ಬಂಧಿಸುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು

ಉದ್ಘಾಟನೆಯ ದಿನ ಪತ್ರಕರ್ತರಿಗೆ ದೊರೆಯುವ ಕಾಲಾವಕಾಶ ಕಡಿಮೆ. ಗಣ್ಯರ ಭಾಷಣ, ಕಾರ್ಖಾನೆಯ ಸುತ್ತಾಟ, ಊಟದ ನಡುವೆ ಪ್ರಶ್ನೆಗಳಿಗೆ ಸಿಗುವುದು ಕೆಲವೇ ನಿಮಿಷ. ಅಷ್ಟರಲ್ಲಿ ಕೇಳಬಹುದಾದವು ಮೂರು. ಇಂದು ಈ ಸಾಲಿನಲ್ಲಿ ತಯಾರಾಗುತ್ತಿರುವುದೆಷ್ಟು, ಘೋಷಿತ ಸಾಮರ್ಥ್ಯ ಮುಟ್ಟುವುದು ಯಾವ ತ್ರೈಮಾಸಿಕದಲ್ಲಿ? ಕೈಯಲ್ಲಿರುವ ಸಹಿಯಾದ ಆದೇಶ ಎಷ್ಟು ತಿಂಗಳ ಕೆಲಸಕ್ಕೆ ಸಾಕು? ಇಂದು ಸಂಬಳದ ಪಟ್ಟಿಯಲ್ಲಿರುವವರೆಷ್ಟು, ಅವರಲ್ಲಿ ಕಾಯಂ ಎಷ್ಟು? ಮೂರಕ್ಕೂ ಉತ್ತರ ಸಂಖ್ಯೆಯಲ್ಲಿ ಬಂದರೆ ಅದು ಗಟ್ಟಿ ಸುದ್ದಿ. 'ಹಂತ ಹಂತವಾಗಿ' ಎಂಬ ಉತ್ತರ ಬಂದರೆ ಅದೂ ಒಂದು ಉತ್ತರವೇ. ಆ ಪದವನ್ನೇ ವರದಿಯಲ್ಲಿ ಉಳಿಸಿಕೊಳ್ಳುವುದು ಲೇಸು.

ಓದುಗರ ಮಟ್ಟಿಗೆ ಕೆಲಸ ಇನ್ನೂ ಸುಲಭ. ಉದ್ಘಾಟನೆಯ ಸುದ್ದಿಯನ್ನು ಕತ್ತರಿಸಿಟ್ಟು, ಎರಡು ವರ್ಷಗಳ ನಂತರ ಅದೇ ಕಂಪನಿಯ ವಾರ್ಷಿಕ ವರದಿಯ ಪಕ್ಕದಲ್ಲಿಟ್ಟು ನೋಡಿದರೆ ಯಾವ ಸಾಲು ನಿಂತಿತು, ಯಾವುದು ಜಾರಿತು ಎಂಬುದು ತಾನಾಗಿ ತಿಳಿಯುತ್ತದೆ. ಗುಬ್ಬಿಯ ಪ್ರಕಟಣೆಯ ವಿಷಯದಲ್ಲಿ ಲಘು ಯುದ್ಧ ಹೆಲಿಕಾಪ್ಟರ್‌ನ ಸಾಲಿಗೆ ಆಧಾರ ಸಿಕ್ಕಿದೆ. ವರ್ಷಕ್ಕೆ 90 ಎಂಬ ಸಾಲು ಇನ್ನೂ ತನ್ನ ಆದೇಶಗಳಿಗಾಗಿ ಕಾಯಬೇಕಿದೆ.